ಇಪ್ಪತ್ತು ದಿನ ಹಸಿರು, ಮಾರಲು ಹೋದರೆ ಯಾರೂ ಇಲ್ಲ

ಕಳೆದ ತಿಂಗಳು ಒಂದು ಶುಕ್ರವಾರ ಜುಮಾ ನಮಾಝ್ ಮುಗಿಸಿ ಸ್ಟಾಫ್ ರೂಮಿಗೆ ಬಂದು ಕುಳಿತಿದ್ದೆ. ದ್ವಿತೀಯ ಪಿಯುಸಿ ಕಾಮರ್ಸ್‌ನ ಹುಡುಗನೊಬ್ಬ ಬಾಗಿಲಲ್ಲಿ ನಿಂತು, "ಸರ್, ಒಂದು ಷೇರು ಮಾರ್ಲಿಕ್ಕೆ ಆಗ್ತಾ ಇಲ್ಲ. ಆ್ಯಪ್ ಹಾಳಾಗಿದೆಯಾ ಅಂತ ಒಮ್ಮೆ ನೋಡ್ತೀರಾ?" ಎಂದ. ಕಾಲೇಜಿಗೆ ಮೊಬೈಲ್ ತರಬಾರದು ಎಂಬ ನಿಯಮ ಅವನಿಗೂ ಗೊತ್ತು, ನನಗೂ ಗೊತ್ತು. ಆ ದಿನ ಇಬ್ಬರೂ ಅದನ್ನು ಮರೆತೆವು.

ಆ್ಯಪ್ ಹಾಳಾಗಿರಲಿಲ್ಲ. ದಮ್ಮಾಮ್‌ನಲ್ಲಿ ಕೆಲಸ ಮಾಡುವ ಅಣ್ಣನ ಡಿಮ್ಯಾಟ್ ಖಾತೆಯಲ್ಲಿ ಇವನು 1,500 ಷೇರು ಕೊಂಡಿದ್ದ, ಒಂದಕ್ಕೆ 26 ರೂಪಾಯಿ 40 ಪೈಸೆಯಂತೆ. ಒಟ್ಟು 39,600 ರೂಪಾಯಿ. ಉಮ್ಮನ ಔಷಧಿಗೆ, ತಂಗಿಯ ಶಾಲೆಯ ಫೀಸಿಗೆ ಎಂದು ಅಣ್ಣ ಇಟ್ಟಿದ್ದ ಹಣ. ನಾಲ್ಕು ದಿನದಲ್ಲಿ ದರ 21 ರೂಪಾಯಿ 60 ಪೈಸೆಗೆ ಇಳಿದಿತ್ತು. ಇವನು ಮಾರಲು ಆರ್ಡರ್ ಹಾಕಿದ್ದ, ಅದು ಹಾಗೆಯೇ ಕುಳಿತಿತ್ತು. ಪರದೆಯ ಮೇಲೆ ಮಾರುವವರ ಕಡೆ ಒಂಬತ್ತು ಲಕ್ಷಕ್ಕೂ ಹೆಚ್ಚು ಷೇರುಗಳು ಸಾಲಿನಲ್ಲಿದ್ದವು. ಕೊಳ್ಳುವವರ ಕಡೆ ಸೊನ್ನೆ.

ಷೇರು ಹೇಗೆ ಗೊತ್ತಾಯಿತು ಎಂದು ಕೇಳಿದೆ. ಟೆಲಿಗ್ರಾಂ ಗುಂಪೊಂದರ ಸಂದೇಶ ತೋರಿಸಿದ. "ಶರೀಅತ್ ಪ್ರಕಾರ ಹಲಾಲ್ ಷೇರು. 20 ದಿನದಿಂದ ಸತತ ಅಪ್ಪರ್ ಸರ್ಕ್ಯೂಟ್. ಗಲ್ಫ್ ಕಂಪನಿಯಿಂದ ದೊಡ್ಡ ಆರ್ಡರ್ ಬರಲಿದೆ. ಗುರಿ 80." ಜೊತೆಗೆ ಚಾರ್ಟಿನ ಚಿತ್ರ. ಎಡಭಾಗದಲ್ಲಿ ಉದ್ದಕ್ಕೂ ನೆಲಕ್ಕೆ ಅಂಟಿದ ಗೆರೆ, ಬಲತುದಿಯಲ್ಲಿ ಏಣಿಯಂತೆ ನೆಟ್ಟಗೆ ಏರಿದ ಹಸಿರು. "ನೋಡಿ ಸರ್, ಒಂದು ದಿನವೂ ಕೆಂಪು ಇಲ್ಲ" ಎಂದ ಹುಡುಗ, ಈಗಲೂ ಸ್ವಲ್ಪ ಹೆಮ್ಮೆಯಿಂದಲೇ.

ನನಗೆ ಭಯ ಹುಟ್ಟಿಸಿದ್ದು ಅದೇ. ಕೆಂಪೇ ಇಲ್ಲದ ಚಾರ್ಟು ಷೇರಿನ ಶಕ್ತಿಯನ್ನು ತೋರಿಸುವುದಿಲ್ಲ. ಮಾರುವವರೇ ಇಲ್ಲ ಎಂಬುದನ್ನು ತೋರಿಸುತ್ತದೆ. ಮಾರುವವರು ಯಾಕಿಲ್ಲ ಎಂದು ಹುಡುಕಿದರೆ, ಅಂಥ ಸಣ್ಣ ಷೇರುಗಳಲ್ಲಿ ಅನೇಕ ಸಲ ಸಿಗುವ ಉತ್ತರ ಒಂದೇ: ಷೇರೆಲ್ಲ ಕೆಲವೇ ಕೈಗಳಲ್ಲಿವೆ, ಆ ಕೈಗಳು ಇನ್ನೂ ಮಾರಲು ಹೊರಟಿಲ್ಲ.

ನಮ್ಮ ಊರಿನವರಿಗೆ ಇದನ್ನು ವಿವರಿಸಲು ಹಲಸಿನ ಹಣ್ಣು ಸಾಕು. ಮಸೀದಿಯ ಕಾರ್ಯಕ್ರಮ ಮುಗಿದ ಮೇಲೆ ಯಾರೋ ಹರಕೆಗೆ ತಂದ ಹಲಸಿನ ಹಣ್ಣನ್ನು ಏಲಂ ಮಾಡುವುದನ್ನು ನೀವೆಲ್ಲ ನೋಡಿದ್ದೀರಿ. ಹುರುಪಿನಲ್ಲಿ ಕೂಗಿ ಕೂಗಿ ಒಂದು ಹಣ್ಣು ಸಾವಿರಗಟ್ಟಲೆಗೆ ಹೋಗುತ್ತದೆ. ಮಸೀದಿಗೆ ಸೇರುವ ಹಣವೆಂದು ಎಲ್ಲರಿಗೂ ಗೊತ್ತು, ಅದರಲ್ಲಿ ಮೋಸವೇನೂ ಇಲ್ಲ. ಆದರೆ ಮರುದಿನ ಬೆಳಿಗ್ಗೆ ಯಾರಾದರೂ ತಮ್ಮ ಹಿತ್ತಲಿನ ಮರದಲ್ಲಿ ನಲವತ್ತು ಹಣ್ಣು ನೇತಾಡುವುದನ್ನು ನೋಡಿ, "ನನ್ನ ಮರಕ್ಕೆ ಈಗ ನಾಲ್ಕು ಲಕ್ಷ ಬೆಲೆ" ಎಂದು ಲೆಕ್ಕ ಹಾಕಿದರೆ ಊರು ನಗುತ್ತದೆ. ಷೇರುಪೇಟೆಯಲ್ಲಿ ಇದೇ ಲೆಕ್ಕವನ್ನು ಯಾರೂ ನಗದೆ ಹಾಕುತ್ತಾರೆ. ಆ್ಯಪಿನಲ್ಲಿ ಕಾಣುವ ದರ ಕೊನೆಯದಾಗಿ ನಡೆದ ಒಂದು ವಹಿವಾಟಿನ ದರ, ಅಷ್ಟೇ. ಅದು ಹತ್ತು ಷೇರಿನ ವಹಿವಾಟೂ ಆಗಿರಬಹುದು. ನಿಮ್ಮ 1,500 ಷೇರಿಗೆ ಆ ದರ ಸಿಗುತ್ತದೆಂದು ಯಾರೂ ಮಾತು ಕೊಟ್ಟಿಲ್ಲ.

ಈಗ ಆ ಹುಡುಗನ ಷೇರನ್ನೇ ತೆಗೆದುಕೊಂಡು ಲೆಕ್ಕ ಮಾಡೋಣ. ಕಂಪನಿಯ ಹೆಸರು ಬೇಡ, ಲೆಕ್ಕ ಮಾತ್ರ ಸಾಕು. ಒಟ್ಟು ಷೇರುಗಳು ಸುಮಾರು ಒಂದು ಕೋಟಿ. ವರ್ಷವಿಡೀ ದರ 10 ರೂಪಾಯಿಯ ಆಸುಪಾಸಿನಲ್ಲಿತ್ತು. ಎಷ್ಟೋ ದಿನ ಒಂದು ಷೇರೂ ಕೈಬದಲಾಗಿರಲಿಲ್ಲ, ಕೆಲವು ದಿನ ಇನ್ನೂರು ಮುನ್ನೂರು.

ಇಂಥ ಷೇರುಗಳಿಗೆ ವಿನಿಮಯ ಕೇಂದ್ರವು ದಿನಕ್ಕೆ ಇಷ್ಟೇ ಏರಬೇಕು, ಇಷ್ಟೇ ಇಳಿಯಬೇಕು ಎಂದು ಮಿತಿ ಹಾಕುತ್ತದೆ. ಈ ಮಿತಿ ಶೇಕಡಾ 2, 5, 10 ಅಥವಾ 20 ಇರುತ್ತದೆ. ಈ ಷೇರಿಗೆ ಶೇ 5 ಇತ್ತು. ಹಿಂದಿನ ದಿನದ ಮುಕ್ತಾಯ ದರಕ್ಕಿಂತ ಶೇ 5 ಮೇಲೆ ಹೋದರೆ ಅದೇ ಅಪ್ಪರ್ ಸರ್ಕ್ಯೂಟ್. ಅದಕ್ಕಿಂತ ಹೆಚ್ಚಿನ ದರಕ್ಕೆ ಆ ದಿನ ಆರ್ಡರ್ ಹಾಕಲು ಆಗುವುದಿಲ್ಲ. ಹೊಸ ಹೂಡಿಕೆದಾರರನ್ನು ಕಾಪಾಡಲು ಮಾಡಿದ ಬೇಲಿ ಇದು. ಹತ್ತಬೇಕೆಂದು ಬಂದವನಿಗೆ ಬೇಲಿಯೇ ಏಣಿಯಾಗುತ್ತದೆ.

ದಿನಕ್ಕೆ ಶೇ 5ರಂತೆ 20 ದಿನ ಏರಿದರೆ 10 ರೂಪಾಯಿ ಸುಮಾರು 26 ರೂಪಾಯಿ 50 ಪೈಸೆ ಆಗುತ್ತದೆ. ಚಕ್ರಬಡ್ಡಿಯ ಸೂತ್ರ ನಿಮಗೆ ಗೊತ್ತಿದೆ, ನೀವೇ ಹಾಕಿ ನೋಡಿ. ಆ 20 ದಿನಗಳಲ್ಲಿ ದಿನಕ್ಕೆ ಸರಾಸರಿ ಮೂರು ಸಾವಿರ ಷೇರುಗಳ ವಹಿವಾಟು ನಡೆದಿತ್ತು. ಸರಾಸರಿ ದರ 17 ರೂಪಾಯಿ ಚಿಲ್ಲರೆ. ಅಂದರೆ ದಿನದ ವಹಿವಾಟು ಸುಮಾರು 52,000 ರೂಪಾಯಿ, 20 ದಿನಕ್ಕೆ ಹತ್ತೂವರೆ ಲಕ್ಷದ ಹತ್ತಿರ. ಇಷ್ಟು ವಹಿವಾಟಿನಲ್ಲಿ ಕಂಪನಿಯ ಒಟ್ಟು ಮಾರುಕಟ್ಟೆ ಮೌಲ್ಯ 10 ಕೋಟಿಯಿಂದ ಇಪ್ಪತ್ತಾರೂವರೆ ಕೋಟಿಗೆ ಜಿಗಿಯಿತು. ಹಲಸಿನ ಹಣ್ಣಿನ ಏಲಂ ಇಲ್ಲಿದೆ.

ಇನ್ನೊಂದು ಮಾತು. ಕೊಳ್ಳುವವನೂ ಮಾರುವವನೂ ಒಂದೇ ಗುಂಪಿನವರಾದರೆ ಆ ಹತ್ತೂವರೆ ಲಕ್ಷವೂ ನಿಜವಾಗಿ ಖರ್ಚಾಗುವುದಿಲ್ಲ. ಒಂದು ಜೇಬಿನಿಂದ ತೆಗೆದು ಇನ್ನೊಂದು ಜೇಬಿಗೆ ಹಾಕಿದಂತೆ. ಬ್ರೋಕರೇಜ್, ಪ್ರತಿ ಕಡೆಯೂ ಶೇ 0.1ರಷ್ಟು ಸೆಕ್ಯುರಿಟೀಸ್ ವಹಿವಾಟು ತೆರಿಗೆ, ಇಂಥ ಸಣ್ಣಪುಟ್ಟ ಶುಲ್ಕಗಳು ಮಾತ್ರ ಕಳೆಯುತ್ತವೆ. ಕೆಲವು ಸಾವಿರ ರೂಪಾಯಿಯಲ್ಲಿ ಒಂದು ಹಸಿರು ಏಣಿ ಸಿದ್ಧ.

ಏಣಿ ಸಿದ್ಧವಾದ ಮೇಲೆ ಜನರನ್ನು ಕರೆಯಬೇಕು. ಟೆಲಿಗ್ರಾಂ ಸಂದೇಶ ಬಂದದ್ದು ಏರಿಕೆಯ ಮೊದಲ ದಿನವಲ್ಲ, ಇಪ್ಪತ್ತನೇ ದಿನ ಎಂಬುದನ್ನು ಗಮನಿಸಿ. ಮರುದಿನದಿಂದ ಮೂರು ದಿನ ಆ ಷೇರಿನಲ್ಲಿ ಕ್ರಮವಾಗಿ 11 ಲಕ್ಷ, 14 ಲಕ್ಷ, 6 ಲಕ್ಷ ಷೇರುಗಳ ವಹಿವಾಟು ನಡೆಯಿತು. ದಿನಕ್ಕೆ ಮೂರು ಸಾವಿರ ಇದ್ದದ್ದು 14 ಲಕ್ಷ! ಇಷ್ಟು ಜನ ಮುಗಿಬಿದ್ದು ಕೊಂಡರೂ ದರ ಮಾತ್ರ 26ರ ಸುತ್ತಮುತ್ತಲೇ ನಿಂತಿತು. ನಮ್ಮ ಹುಡುಗ ಕೊಂಡದ್ದು ಇದರ ಎರಡನೇ ದಿನ.

ನಾನು ಅವನಿಗೆ ಕೇಳಿದ್ದು ಒಂದೇ ಪ್ರಶ್ನೆ. "ಇಪ್ಪತ್ತು ದಿನ ಮಾರುವವರೇ ಇರಲಿಲ್ಲ ಅಂತೀಯ. ಆ ಮೂರು ದಿನ 31 ಲಕ್ಷ ಷೇರು ಎಲ್ಲಿಂದ ಬಂತು?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರೇ ಮಾರಿದ್ದಾ ಸರ್?" ಎಂದ. ಯಾರು ಮಾರಿದರು ಎಂದು ಚಾರ್ಟು ಹೆಸರು ಹೇಳುವುದಿಲ್ಲ. ಆದರೆ ಯಾರೋ ಮಾರಿದ್ದಾರೆ, ಬಹಳ ಮಾರಿದ್ದಾರೆ, ಜನರನ್ನು ಕರೆದ ಹೊತ್ತಿಗೆ ಸರಿಯಾಗಿ ಮಾರಿದ್ದಾರೆ ಎಂಬುದನ್ನು ಅದು ಸ್ಪಷ್ಟವಾಗಿ ಹೇಳುತ್ತದೆ.

ಇದು ನನ್ನ ಊಹೆಯ ಕಥೆ ಎಂದುಕೊಳ್ಳಬೇಡಿ. ಸಾಧ್ನಾ ಬ್ರಾಡ್‌ಕಾಸ್ಟ್ ಎಂಬ ಸಣ್ಣ ಕಂಪನಿಯ ಷೇರಿನ ವಿಷಯದಲ್ಲಿ ಸೆಬಿ 2023ರ ಮಾರ್ಚ್ 2ರಂದು ಮಧ್ಯಂತರ ಆದೇಶವನ್ನೂ 2025ರ ಮೇ 29ರಂದು ಅಂತಿಮ ಆದೇಶವನ್ನೂ ಕೊಟ್ಟಿದೆ. ಅದರಲ್ಲಿರುವುದು ಇದೇ ಎರಡು ಹಂತ. ಮೊದಲು ಒಬ್ಬರಿಗೊಬ್ಬರು ಸಂಬಂಧವಿದ್ದವರು ತಮ್ಮತಮ್ಮಲ್ಲೇ ವಹಿವಾಟು ಮಾಡಿ ದರ ಏರಿಸಿದರು. ಷೇರಿನಲ್ಲಿ ವಹಿವಾಟೇ ಕಡಿಮೆ ಇದ್ದುದರಿಂದ ಸಣ್ಣ ಸಣ್ಣ ಖರೀದಿಯೇ ಅದಕ್ಕೆ ಸಾಕಾಯಿತು. ಬಳಿಕ 2022ರ ಜುಲೈ ಉತ್ತರಾರ್ಧದಲ್ಲಿ ಯೂಟ್ಯೂಬ್ ಚಾನೆಲ್‌ಗಳಲ್ಲಿ ವಿಡಿಯೊಗಳು ಬಂದವು. ಅದಾನಿ ಸಮೂಹ ಈ ಕಂಪನಿಯನ್ನು ಕೊಳ್ಳಲಿದೆ, ಅಮೆರಿಕದ ಕಂಪನಿಯೊಂದು ಭಕ್ತಿ ಚಿತ್ರಗಳನ್ನು ತೆಗೆಯಲು ಸಾವಿರ ಕೋಟಿಗೂ ಮಿಕ್ಕಿ ಹಣ ಕೊಡಲಿದೆ ಎಂಬಂಥ ಸುಳ್ಳುಗಳು ಅವುಗಳಲ್ಲಿದ್ದವು. ಆ ವಿಡಿಯೊಗಳು ಜನರ ಕಣ್ಣಿಗೆ ಬೀಳಲೆಂದು ಜಾಹೀರಾತಿಗೆ ಕೋಟಿಗಟ್ಟಲೆ ಸುರಿದಿದ್ದರು. ಸಣ್ಣ ಷೇರುದಾರರ ಸಂಖ್ಯೆ 2,167ರಿಂದ 55,343ಕ್ಕೆ ಏರಿತು ಎಂದು ಆದೇಶ ದಾಖಲಿಸಿದೆ. ಅಂತಿಮ ಆದೇಶದಲ್ಲಿ 59 ಮಂದಿ ಮತ್ತು ಸಂಸ್ಥೆಗಳನ್ನು ಪೇಟೆಯಿಂದ ಹೊರಗಿಟ್ಟು, 58 ಕೋಟಿ ರೂಪಾಯಿಗೂ ಹೆಚ್ಚು ಅಕ್ರಮ ಲಾಭವನ್ನು ಬಡ್ಡಿ ಸಮೇತ ಕಟ್ಟಲು ಸೆಬಿ ಹೇಳಿತು.

ವಿಡಿಯೊ ಬಂದದ್ದು 2022ರಲ್ಲಿ, ಅಂತಿಮ ಆದೇಶ 2025ರಲ್ಲಿ. ಈ ನಡುವಿನ ಮೂರು ವರ್ಷವನ್ನು ಮರೆಯಬೇಡಿ. "ಮೋಸ ಆದ್ರೆ ಸೆಬಿ ಉಂಟಲ್ಲ" ಎನ್ನುವವರಿಗೆ ಇದನ್ನು ಹೇಳುತ್ತೇನೆ. ಸೆಬಿ ಉಂಟು, ಕಳ್ಳನನ್ನು ಹಿಡಿಯುತ್ತದೆ ಕೂಡ. ಆದರೆ ನಿಮ್ಮ ತಂಗಿಯ ಫೀಸಿನ ಗಡುವು ಅಷ್ಟು ದಿನ ಕಾಯುವುದಿಲ್ಲ.

ಇನ್ನು ಚಾರ್ಟಿಗೆ ಬರೋಣ. ಹೊಸಬರು ನೋಡಬೇಕಾದದ್ದು ಬಹಳ ಇಲ್ಲ. ಮೊದಲನೆಯದು ಕ್ಯಾಂಡಲ್‌ನ ಆಕಾರ. ಸಾಮಾನ್ಯ ಷೇರಿನ ಒಂದು ದಿನದ ಕ್ಯಾಂಡಲ್‌ಗೆ ದೇಹ ಇರುತ್ತದೆ, ಮೇಲೆ ಕೆಳಗೆ ಬತ್ತಿ ಇರುತ್ತದೆ. ಯಾಕೆಂದರೆ ದಿನವಿಡೀ ಕೊಳ್ಳುವವರೂ ಮಾರುವವರೂ ಜಗ್ಗಾಡಿರುತ್ತಾರೆ. ಏಣಿಯ ಷೇರಿನಲ್ಲಿ ಹಾಗಲ್ಲ. ಬೆಳಿಗ್ಗೆ ತೆರೆದ ದರ, ದಿನದ ಗರಿಷ್ಠ, ಕನಿಷ್ಠ, ಮುಕ್ತಾಯ ನಾಲ್ಕೂ ಒಂದೇ. ಚಿತ್ರದಲ್ಲಿ ಅದು ಬರೀ ಒಂದು ಅಡ್ಡಗೆರೆ. ಒಂದು ಅಡ್ಡಗೆರೆ, ಸ್ವಲ್ಪ ಜಾಗ ಬಿಟ್ಟು ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಹುಡುಗನ ಚಾರ್ಟನ್ನು ದೊಡ್ಡದು ಮಾಡಿ ನೋಡಿದಾಗ 20ರಲ್ಲಿ 17 ದಿನ ಹೀಗೆಯೇ ಇದ್ದವು. ದೂರದಿಂದ ಹಸಿರು ಗೋಪುರ, ಹತ್ತಿರ ಹೋದರೆ ಮೆಟ್ಟಿಲು ಮಾತ್ರ. ಆದ್ದರಿಂದ ಯಾರಾದರೂ ಕಳಿಸಿದ ಚಿತ್ರವನ್ನು ನೋಡಿ ತೀರ್ಮಾನಿಸಬೇಡಿ. ನೀವೇ ಚಾರ್ಟು ತೆರೆದು, ಒಂದೊಂದು ದಿನ ಬೇರೆಯಾಗಿ ಕಾಣುವಷ್ಟು ಹಿಗ್ಗಿಸಿ.

ಎರಡನೆಯದು ಕೆಳಗಿನ ವಾಲ್ಯೂಮ್ ಕಡ್ಡಿಗಳು. ಇಲ್ಲಿ ಹೊಸಬರು ಸುಲಭವಾಗಿ ಮೋಸಹೋಗುತ್ತಾರೆ. ಪರದೆಯ ಮೇಲಿರುವುದರಲ್ಲಿ ಅತಿ ಎತ್ತರದ ಕಡ್ಡಿಯನ್ನು ಅಳತೆಯಾಗಿಟ್ಟುಕೊಂಡು ಆ್ಯಪ್ ಉಳಿದವನ್ನು ಬಿಡಿಸುತ್ತದೆ. ಹಾಗಾಗಿ ಇನ್ನೂರಕ್ಕೆ ಮೂರು ಸಾವಿರ ದೊಡ್ಡ ಜಿಗಿತದಂತೆ ಕಾಣುತ್ತದೆ. ಗುಂಪಿನವರು ಅದನ್ನೇ ತೋರಿಸಿ "ವಾಲ್ಯೂಮ್ ಹದಿನೈದು ಪಟ್ಟು" ಎನ್ನುತ್ತಾರೆ. ಕಡ್ಡಿಯ ಎತ್ತರ ನೋಡಬೇಡಿ, ಅಂಕಿ ಓದಿ, ಆ ದಿನದ ದರದಿಂದ ಗುಣಿಸಿ ರೂಪಾಯಿ ಮಾಡಿ. ಒಂದು ಕಂಪನಿಯ ಇಡೀ ದಿನದ ವಹಿವಾಟು ದಕ್ಕೆಯಲ್ಲಿ ಒಂದು ದೋಣಿಯ ಮೀನಿಗೆ ಬರುವಷ್ಟೂ ಇಲ್ಲದಿದ್ದರೆ, ಆ ದರವನ್ನು ಯಾರು ಬೇಕಾದರೂ ಎತ್ತಬಹುದು.

ಮೂರನೆಯದು ಈ ಎರಡನ್ನೂ ಒಟ್ಟಿಗೆ ಓದುವುದು. ವಾಲ್ಯೂಮ್ ನೂರಾರು ಪಟ್ಟು ಏರಿಯೂ ದರ ಏರದೆ ನಿಂತರೆ, ಕ್ಯಾಂಡಲ್‌ನ ಮೇಲೆ ಉದ್ದನೆಯ ಬತ್ತಿ ಮೂಡಿದರೆ, ಮೇಲಿನ ದರದಲ್ಲಿ ಯಾರೋ ಕೊಡುತ್ತಲೇ ಇದ್ದಾರೆ ಎಂದು ಅರ್ಥ. ಹುಡುಗನ ಷೇರು ಮೊದಲ ಭಾರೀ ದಿನ ಬೆಳಿಗ್ಗೆ 27 ರೂಪಾಯಿ 80 ಪೈಸೆ ಮುಟ್ಟಿ ಸಂಜೆ 26 ರೂಪಾಯಿ 60 ಪೈಸೆಗೆ ಬಂದಿತ್ತು. ಇಪ್ಪತ್ತು ದಿನಗಳಲ್ಲಿ ಮೊದಲ ಸಲ ಅದು ಸರ್ಕ್ಯೂಟ್ ಮುಟ್ಟಿ ಅಲ್ಲಿ ನಿಲ್ಲಲಿಲ್ಲ. ಅದನ್ನು ಅವನು "ಕಡಿಮೆ ದರಕ್ಕೆ ಸಿಗ್ತಾ ಉಂಟು" ಎಂದು ಓದಿದ.

ಅವನ ಬಳಿ ಇನ್ನೊಂದು ವಾದವಿತ್ತು. "ಸರ್, ಡೆಲಿವರಿ ನೂರಕ್ಕೆ ನೂರು ಇತ್ತು. ಬರೀ ಜೂಜಾಡುವವರು ಇದ್ದಿದ್ರೆ ಡೆಲಿವರಿ ತಗೊಳ್ತಿದ್ರಾ?" ಕೊಂಡ ಷೇರನ್ನು ಅದೇ ದಿನ ಮಾರದೆ ಖಾತೆಗೆ ಪಡೆಯುವುದು ಡೆಲಿವರಿ. ಅದರ ಪ್ರಮಾಣ ಹೆಚ್ಚಿದ್ದರೆ ಒಳ್ಳೆಯ ಲಕ್ಷಣ ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ, ದೊಡ್ಡ ಷೇರುಗಳಲ್ಲಿ ಅದಕ್ಕೆ ಅಷ್ಟಿಷ್ಟು ಅರ್ಥವೂ ಇದೆ. ಈ ಷೇರಿನ ಹೆಸರಿನ ಪಕ್ಕದಲ್ಲಿ XT ಎಂದಿತ್ತು. ಬಿಎಸ್‌ಇಯಲ್ಲಿ ಮಾತ್ರ ಇರುವ, ಟ್ರೇಡ್ ಟು ಟ್ರೇಡ್ ವಿಭಾಗಕ್ಕೆ ಹಾಕಿದ ಷೇರಿನ ಗುರುತು ಅದು. ಆ ವಿಭಾಗದಲ್ಲಿ ಅದೇ ದಿನ ಕೊಂಡು ಮಾರಿ ಲೆಕ್ಕ ಚುಕ್ತಾ ಮಾಡಲು ಅವಕಾಶವೇ ಇಲ್ಲ. ಎಲ್ಲರೂ ಡೆಲಿವರಿ ತೆಗೆದುಕೊಳ್ಳಲೇಬೇಕು. ಹಾಗಾಗಿ ನೂರಕ್ಕೆ ನೂರು ಬಾರದೆ ಇನ್ನೇನು ಬರಬೇಕು? ಪೇಟೆಯ ಕಾವಲಿನವರು ಎಷ್ಟೋ ಸಲ ಎಚ್ಚರಿಕೆಗಾಗಿ ಹಾಕುವ ಗುರುತಿನ ಪರಿಣಾಮವನ್ನೇ ಗುಂಪಿನವರು ಮೆಚ್ಚುಗೆಯ ಪತ್ರದಂತೆ ತೋರಿಸಿದ್ದರು.

ಇನ್ನು "ಹಲಾಲ್" ಎಂಬ ಪದ. ಈ ಲೇಖನ ಬರೆಯಲು ಮುಖ್ಯ ಕಾರಣ ಇದು. ನಮ್ಮ ಕಾಲೇಜಿನ ಮಕ್ಕಳು ಬಡ್ಡಿಯ ವ್ಯವಹಾರದಿಂದ ದೂರ ಇರಬೇಕೆಂದು ಬಯಸುವುದು ನನಗೆ ಗೌರವದ ವಿಷಯ. ಆ ಬಯಕೆಯನ್ನೇ ಗಾಳ ಮಾಡಿಕೊಂಡವರ ಮೇಲೆ ನನಗೆ ಸಿಟ್ಟು.

ಶರೀಅತ್ ಪರಿಶೀಲನೆ ಎಂದು ಆ್ಯಪ್‌ಗಳು ಮಾಡುವುದು ಮುಖ್ಯವಾಗಿ ಎರಡು ಕೆಲಸ. ಕಂಪನಿಯ ವ್ಯಾಪಾರ ಮದ್ಯ, ಜೂಜು, ಬಡ್ಡಿ ಮುಂತಾದದ್ದಲ್ಲ ಎಂದು ನೋಡುವುದು, ಮತ್ತೆ ಬಡ್ಡಿಯ ಸಾಲ ಒಂದು ಮಿತಿಯೊಳಗಿದೆಯೇ ಎಂದು ಲೆಕ್ಕ ಹಾಕುವುದು. ಆಯೋಫಿ ಎಂದು ಕರೆಯುವ, ಬಹ್ರೈನ್‌ನಲ್ಲಿರುವ ಸಂಸ್ಥೆಯ ಮಾನದಂಡದಲ್ಲಿ ಬಡ್ಡಿಯ ಸಾಲವು ಕಂಪನಿಯ ಮಾರುಕಟ್ಟೆ ಮೌಲ್ಯದ ಶೇ 30ನ್ನು ಮೀರಬಾರದು. ಮಾರುಕಟ್ಟೆ ಮೌಲ್ಯ ಎಂದರೆ ಷೇರಿನ ದರ ಗುಣಿಸು ಷೇರುಗಳ ಸಂಖ್ಯೆ. ಈಗ ಈ ಕಂಪನಿಗೆ 4 ಕೋಟಿ ರೂಪಾಯಿ ಬಡ್ಡಿ ಸಾಲ ಇದೆ ಎಂದುಕೊಳ್ಳಿ. ದರ 10 ರೂಪಾಯಿ ಇದ್ದಾಗ ಮೌಲ್ಯ 10 ಕೋಟಿ, ಸಾಲ ಶೇ 40. ಪರೀಕ್ಷೆಯಲ್ಲಿ ಫೇಲು. ದರ 26 ರೂಪಾಯಿ 50 ಪೈಸೆ ಆದಾಗ ಮೌಲ್ಯ ಇಪ್ಪತ್ತಾರೂವರೆ ಕೋಟಿ, ಸಾಲ ಶೇ 15. ಪಾಸು! ಒಂದು ಪೈಸೆ ಸಾಲ ತೀರಿಸಿಲ್ಲ, ಒಂದು ಸಾಮಾನು ಹೆಚ್ಚಿಗೆ ಮಾರಿಲ್ಲ. ದರವನ್ನು ಎತ್ತಿದವರು ಹಲಾಲ್ ಗುರುತನ್ನೂ ಜೊತೆಗೇ ಎತ್ತಿ ತಂದರು.

ಎಲ್ಲ ಪಟ್ಟಿಗಳೂ ಹೀಗಲ್ಲ ಎಂದು ಹೇಳಲೇಬೇಕು. ಕೆಲವು ಮಾನದಂಡಗಳು ಸಾಲವನ್ನು ಕಂಪನಿಯ ಒಟ್ಟು ಆಸ್ತಿಯಿಂದ ಭಾಗಿಸುತ್ತವೆ, ಕೆಲವು ಎರಡು ಮೂರು ವರ್ಷಗಳ ಸರಾಸರಿ ಮಾರುಕಟ್ಟೆ ಮೌಲ್ಯ ತೆಗೆದುಕೊಳ್ಳುತ್ತವೆ. ಅಲ್ಲಿ ಒಂದು ತಿಂಗಳ ಏರಿಕೆಯಿಂದ ಅಷ್ಟು ವ್ಯತ್ಯಾಸ ಆಗುವುದಿಲ್ಲ. ಆದರೆ ಯಾವ ಪಟ್ಟಿಯೂ "ಈ ದರ ನ್ಯಾಯವಾಗಿ ಬಂದದ್ದು" ಎಂದು ಹೇಳುವುದಿಲ್ಲ. ಅದು ಅವುಗಳ ಕೆಲಸವೇ ಅಲ್ಲ.

ದರ ಏರಿಸುವ ಈ ಆಟದ ಬಗ್ಗೆ ನಮ್ಮ ಧರ್ಮದಲ್ಲಿ ಬೇರೆಯೇ ಮಾತು ಇದೆ. ನಾನು ಆಲಿಮ್ ಅಲ್ಲ, ಲೆಕ್ಕಶಾಸ್ತ್ರದ ಮೇಷ್ಟ್ರು. ಆದ್ದರಿಂದ ನಮ್ಮ ಅರಬಿ ಉಸ್ತಾದರನ್ನು ಕೇಳಿದೆ. ಅವರು ಥಟ್ಟನೆ "ನಜ್ಶ್" ಎಂದರು. ಕೊಳ್ಳುವ ಮನಸ್ಸಿಲ್ಲದೆ, ಬೇರೆಯವರು ಹೆಚ್ಚು ಕೊಡಲಿ ಎಂದು ಏಲಂನಲ್ಲಿ ಬೆಲೆ ಕೂಗುವುದು ನಜ್ಶ್. ಪ್ರವಾದಿಯವರು (ಸ) ಅದನ್ನು ನಿಷೇಧಿಸಿದ್ದು ಬುಖಾರಿ, ಮುಸ್ಲಿಂ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆಯಂತೆ. ಒಂಟೆ, ಖರ್ಜೂರದ ಸಂತೆಗೆ ಹೇಳಿದ ಮಾತು ಶೇ 5ರ ಸರ್ಕ್ಯೂಟ್‌ಗೆ ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ. ಕಂಪನಿ ಸಾಬೂನು ಮಾಡಲಿ, ಅಕ್ಕಿ ಮಾರಲಿ, ಅದರ ಷೇರಿನ ದರವನ್ನು ಹೀಗೆ ಕೂಗಿ ಏರಿಸಿದ್ದರೆ ಆ ಕೂಗು ಹಲಾಲ್ ಆಗುವುದಿಲ್ಲ.

ಇಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಹುಡುಗ ತಾನು ಕೊಂಡ ಮೇಲೆ ಆ ಸಂದೇಶವನ್ನು ಕ್ಲಾಸಿನ ಗುಂಪಿಗೂ ಕಳಿಸಿದ್ದ. "ಎಲ್ಲರಿಗೂ ಲಾಭ ಆಗ್ಲಿ ಅಂತ ಸರ್" ಎಂದ. ಅವನ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಕೊಂಡವನು ಇನ್ನೊಬ್ಬರಿಗೆ ಕೊಳ್ಳಲು ಹೇಳುವಾಗ, ತನ್ನ ದರ ಏರಲಿ ಎಂಬ ಆಸೆ ಅದರಲ್ಲಿ ಎಷ್ಟಿದೆ ಎಂದು ಅವನಿಗೇ ತಿಳಿದಿರುವುದಿಲ್ಲ. ಸುಳ್ಳು ಸುದ್ದಿ ಹರಡಿ ಷೇರು ಕೊಳ್ಳುವಂತೆ ಮಾಡುವುದನ್ನು ಸೆಬಿಯ 2003ರ ವಂಚನೆ ತಡೆ ನಿಯಮಗಳು ನಿಷೇಧಿಸಿವೆ. ಹದಿನೇಳು ವರ್ಷದ ಹುಡುಗನನ್ನು ಯಾರೂ ಹಿಡಿಯಲು ಬರಲಿಕ್ಕಿಲ್ಲ. ಆದರೂ ಆ ಸಂದೇಶ ನಂಬಿ ಕೊಂಡ ಗೆಳೆಯ ಬೆಂಚಿನ ಪಕ್ಕದಲ್ಲೇ ಕುಳಿತಿರುತ್ತಾನೆ. ಕ್ಲಾಸಿನ ಗುಂಪುಗಳಲ್ಲಿ ಷೇರಿನ ಹೆಸರು ಹಾಕುವುದನ್ನು ಕಾಲೇಜು ನಿಲ್ಲಿಸಬೇಕು. ಷೇರುಪೇಟೆಯನ್ನು ಕಲಿಸುವುದು ಬೇರೆ, ಅದನ್ನು ನಾನೇ ಕಲಿಸುತ್ತೇನೆ.

ಸಂದೇಶದಲ್ಲಿದ್ದ ಗಲ್ಫ್ ಆರ್ಡರ್ ನಿಜವೇ ಎಂದು ಅಂದೇ ಇಬ್ಬರೂ ಕುಳಿತು ನೋಡಿದೆವು. ಷೇರಿನ ದರದ ಮೇಲೆ ಪರಿಣಾಮ ಬೀರುವಂಥ ದೊಡ್ಡ ಸುದ್ದಿಯನ್ನು ಪಟ್ಟಿಯಲ್ಲಿರುವ ಕಂಪನಿ 24 ಗಂಟೆಯೊಳಗೆ ವಿನಿಮಯ ಕೇಂದ್ರಕ್ಕೆ ತಿಳಿಸಬೇಕು. ಅದು ಕೇಂದ್ರದ ಜಾಲತಾಣದಲ್ಲಿ ಕಂಪನಿಯ ಹೆಸರಿನ ಕೆಳಗೆ ಎಲ್ಲರಿಗೂ ಕಾಣುತ್ತದೆ. ಅಲ್ಲಿ ತ್ರೈಮಾಸಿಕ ಲೆಕ್ಕ ಮತ್ತು ಪತ್ರಿಕಾ ಜಾಹೀರಾತಿನ ಪ್ರತಿ ಬಿಟ್ಟರೆ ಬೇರೇನೂ ಇರಲಿಲ್ಲ. ಅದೇ ಜಾಗದಲ್ಲಿ Shareholding Pattern ಎಂಬ ಕೊಂಡಿ ಇದೆ. ಅದರಲ್ಲಿ ಎರಡು ಲಕ್ಷ ರೂಪಾಯಿವರೆಗಿನ ಮುಖಬೆಲೆಯ ಷೇರು ಹೊಂದಿದ ವ್ಯಕ್ತಿಗಳು ಎಷ್ಟು ಜನ ಎಂಬ ಸಾಲು ಇರುತ್ತದೆ. ಸಾಧ್ನಾ ಪ್ರಕರಣದಲ್ಲಿ ಆದಂತೆ ಜನಸಂಖ್ಯೆ ಒಂದೇ ತ್ರೈಮಾಸಿಕದಲ್ಲಿ ಹತ್ತಾರು ಪಟ್ಟು ಏರಿದ್ದರೆ ಷೇರು ದೊಡ್ಡ ಕೈಗಳಿಂದ ಸಣ್ಣ ಕೈಗಳಿಗೆ ಬಂದಿದೆ ಎಂದು ತಿಳಿಯಬಹುದು. ಆದರೆ ಈ ಪಟ್ಟಿ ತ್ರೈಮಾಸಿಕ ಮುಗಿದು ಮೂರು ವಾರದವರೆಗೂ ಬಾರದಿರಬಹುದು. ಅಷ್ಟರಲ್ಲಿ ಆಟ ಮುಗಿದಿರುತ್ತದೆ. ಆದ್ದರಿಂದ ಮೊದಲು ಕಾಣುವುದು ಚಾರ್ಟೇ.

ಚಾರ್ಟನ್ನೂ ಕುರುಡಾಗಿ ನಂಬಬೇಡಿ. ಸತತ ಸರ್ಕ್ಯೂಟ್ ಎಂದರೆ ಮೋಸವೇ ಎಂದಲ್ಲ. ಜಿಯೊ ಫೈನಾನ್ಶಿಯಲ್ 2023ರ ಆಗಸ್ಟ್ 21ರಂದು ಪಟ್ಟಿಗೆ ಸೇರಿದಾಗ ಅದೂ ಟ್ರೇಡ್ ಟು ಟ್ರೇಡ್ ವಿಭಾಗದಲ್ಲಿ, ಶೇ 5ರ ಮಿತಿಯಲ್ಲೇ ಇತ್ತು. ಮೊದಲ ಕೆಲವು ದಿನ ಕೆಳಗಿನ ಸರ್ಕ್ಯೂಟ್ ಮುಟ್ಟಿತು. ಸೂಚ್ಯಂಕ ಫಂಡ್‌ಗಳು ಅದನ್ನು ಮಾರಲೇಬೇಕಾಗಿತ್ತು, ಅಷ್ಟೇ ಕಾರಣ. ಚಿತ್ರ ನೋಡಿದರೆ ಅಲ್ಲೂ ಮೆಟ್ಟಿಲು. ಅಂಕಿ ಓದಿದರೆ ಕೋಟಿಗಟ್ಟಲೆ ಷೇರುಗಳು ಕೈಬದಲಾಗಿದ್ದವು. ಆಕಾರದ ಜೊತೆ ಪ್ರಮಾಣವನ್ನೂ ಓದಬೇಕು ಎಂದು ನಾನು ಹಠ ಹಿಡಿಯುವುದು ಇದಕ್ಕೇ.

ಆ ಶುಕ್ರವಾರ ಹುಡುಗ ಕೊನೆಗೆ ಕೇಳಿದ್ದು, "ಈಗ ಏನು ಮಾಡುವುದು ಸರ್?" ಎಂದು. ಕೆಳಗಿನ ಸರ್ಕ್ಯೂಟ್‌ನಲ್ಲಿ ಎಲ್ಲರದ್ದೂ ಒಂದೇ ದರ. ಒಂದೇ ದರಕ್ಕೆ ನಿಂತವರಲ್ಲಿ ಮೊದಲು ಬಂದವನಿಗೆ ಮೊದಲು, ರೇಷನ್ ಅಂಗಡಿಯ ಸಾಲಿನಂತೆ. ಈ ದಿನದ ಆರ್ಡರ್ ಸಂಜೆಗೆ ರದ್ದಾಗುತ್ತದೆ, ನಾಳೆ ಮತ್ತೆ ಬಾಲದಿಂದ ನಿಲ್ಲಬೇಕು. ಇವನು ಯಾವಾಗಲೂ ಬಾಲದಲ್ಲೇ ಇದ್ದ. ಯಾಕೆಂದರೆ ಲಾಗಿನ್‌ಗೆ ಬೇಕಾದ ಓಟಿಪಿ ದಮ್ಮಾಮ್‌ನ ಅಣ್ಣನ ಫೋನಿಗೆ ಬರುತ್ತದೆ. ನಮ್ಮ ಪೇಟೆ ಬೆಳಿಗ್ಗೆ 9.15ಕ್ಕೆ ತೆರೆಯುವಾಗ ಅಲ್ಲಿ 6.45. ರಾತ್ರಿ ಪಾಳಿ ಮುಗಿಸಿ ಬಂದ ಅಣ್ಣ ಎದ್ದು ನಂಬರು ಕಳಿಸುವಷ್ಟರಲ್ಲಿ ಇಲ್ಲಿ ಹತ್ತೂವರೆ. ಹೀಗೆ ಓಟಿಪಿ ಹಂಚಿಕೊಂಡು ಇನ್ನೊಬ್ಬರ ಖಾತೆ ನಡೆಸುವುದೇ ತಪ್ಪು ಎಂದು ಬೈದೆ. ಹಿಂದಿನ ರಾತ್ರಿಯೇ ಅಣ್ಣನೇ ಆಫ್ಟರ್ ಮಾರ್ಕೆಟ್ ಆರ್ಡರ್ ಹಾಕಲಿ, ಸ್ವಲ್ಪ ಮುಂದೆ ನಿಲ್ಲಬಹುದು ಎಂದೂ ಹೇಳಿದೆ. ಉಪ್ಪನಿಗೆ ವಿಷಯ ತಿಳಿಸಲೇಬೇಕೆಂದು ಒತ್ತಾಯಿಸಿದೆ. ತಿಳಿಸಿದ್ದಾನೆ.

ಒಂಬತ್ತನೇ ದಿನ, 16 ರೂಪಾಯಿ 70 ಪೈಸೆಗೆ, 340 ಷೇರು ಹೋಯಿತು. ಉಳಿದ 1,160 ಇದನ್ನು ಬರೆಯುವ ಹೊತ್ತಿಗೂ ಸಾಲಿನಲ್ಲಿವೆ. ಟೆಲಿಗ್ರಾಂ ಗುಂಪು ಈಗ ಅದೇ ಹೆಸರಿನಲ್ಲಿಲ್ಲ. ಹೊಸ ಹೆಸರಿನ ಗುಂಪಿನಿಂದ ಮೊನ್ನೆ ಅವನಿಗೆ ಇನ್ನೊಂದು ಷೇರಿನ ಸಂದೇಶ ಬಂತಂತೆ. ಚಾರ್ಟು ತೆರೆದು, ಹಿಗ್ಗಿಸಿ, ಅಡ್ಡಗೆರೆಗಳನ್ನು ಎಣಿಸಿಕೊಂಡು ಬಂದು ಹೇಳಿದ: "ಸರ್, ಇದರಲ್ಲಿ ಹದಿನಾಲ್ಕು."